ಶಿಫಾರಸನ್ನಲ್ಲ, ಪ್ರಶ್ನೆಯನ್ನು ಕೊಂಡೊಯ್ಯೋಣ

ಮಗನದೋ ಮಗಳದೋ ಪದವಿ ಮುಗಿಯುತ್ತಿದ್ದಂತೆ ನಮ್ಮ ಮನೆಗಳಲ್ಲಿ ಒಂದು ಯಾತ್ರೆ ಆರಂಭವಾಗುತ್ತದೆ. ಪರಿಚಯದ ವಕೀಲರು, ವೈದ್ಯರು, ಲೆಕ್ಕಪರಿಶೋಧಕರು, ಇಲ್ಲವೆ ಊರಿನಿಂದ ಹೊರಹೋಗಿ ದೊಡ್ಡ ಹುದ್ದೆಗೇರಿದ ಬಂಧುಗಳು ಯಾರಾದರೂ ಸಿಕ್ಕಿದರೆ ತಂದೆ ಮಗುವನ್ನು ಕರೆದುಕೊಂಡು ಅವರಲ್ಲಿಗೆ ಹೋಗುತ್ತಾರೆ. ಸಲಾಮ್, ಕುಶಲೋಪರಿ, ಚಹಾ ಎಲ್ಲವೂ ಆಗುತ್ತದೆ. ಕೊನೆಯಲ್ಲಿ ತಂದೆ, "ಇವನಿಗೆ ಏನಾದರೂ ದಾರಿ ತೋರಿಸಿ" ಎನ್ನುತ್ತಾರೆ. ಹಿರಿಯರು ಹುಡುಗನ ಮುಖ ನೋಡಿ, "ಚೆನ್ನಾಗಿ ಓದಬೇಕು, ಕಷ್ಟಪಡಬೇಕು, ಇಂಗ್ಲಿಷ್ ಸುಧಾರಿಸಿಕೊಳ್ಳಬೇಕು" ಎನ್ನುತ್ತಾರೆ. ಹುಡುಗ ತಲೆಯಾಡಿಸುತ್ತಾನೆ. ಮನೆಗೆ ಮರಳಿದ ಮೇಲೆ, "ಅವರು ದೊಡ್ಡವರಾಗಿಬಿಟ್ಟರು, ನಮ್ಮವರಿಗಾಗಿ ಏನೂ ಮಾಡುವುದಿಲ್ಲ" ಎಂಬ ದೂರೊಂದು ಉಳಿಯುತ್ತದೆ.

ಈ ದೂರು ಹೆಚ್ಚಿನ ಸಂದರ್ಭಗಳಲ್ಲಿ ನ್ಯಾಯವಾದುದಲ್ಲ ಎಂಬುದು ನಮ್ಮ ಅಭಿಪ್ರಾಯ. "ಏನಾದರೂ ದಾರಿ ತೋರಿಸಿ" ಎಂಬ ಮಾತಿಗೆ ಯಾವ ಪ್ರಾಮಾಣಿಕ ವ್ಯಕ್ತಿಯೂ ಇದಕ್ಕಿಂತ ಉತ್ತಮವಾದ ಉತ್ತರ ಕೊಡಲಾರನು. ಆ ಮಾತಿನಲ್ಲಿ ಪ್ರಶ್ನೆಯೇ ಇಲ್ಲ. ಅದರೊಳಗೆ ಅಡಗಿರುವುದು ಒಂದು ಬೇಡಿಕೆ: ನಮ್ಮ ಮಗುವಿಗೆ ಎಲ್ಲಾದರೂ ಒಂದು ಜಾಗ ಮಾಡಿಕೊಡಿ ಎಂಬುದು. ಜಾಗ ಕೊಡಲು ತನ್ನಿಂದಾಗದು ಎಂದು ತಿಳಿದ ಹಿರಿಯರು ಮುಜುಗರಕ್ಕೊಳಗಾಗುತ್ತಾರೆ, ಮಾತನ್ನು ಉಪದೇಶದತ್ತ ತಿರುಗಿಸುತ್ತಾರೆ. ಅವರು ಇಪ್ಪತ್ತು ವರ್ಷಗಳಲ್ಲಿ ಕಣ್ಣಾರೆ ಕಂಡದ್ದು, ಎಡವಿದ್ದು, ಲೆಕ್ಕಹಾಕಿ ಕಲಿತದ್ದು ಎಲ್ಲವೂ ಹೇಳದೆಯೇ ಉಳಿದುಬಿಡುತ್ತದೆ.

ಶಿಫಾರಸು ಕೇಳಲು ಹೋಗುವುದು ಬೇರೆ, ತಿಳಿಯಲು ಹೋಗುವುದು ಬೇರೆ. ಎರಡನೆಯದಕ್ಕೆ ಅಮೆರಿಕದ ರಿಚರ್ಡ್ ಬೋಲ್ಸ್ ಎಂಬ ಲೇಖಕರು 1970ರ ದಶಕದಲ್ಲಿ ವೃತ್ತಿ ಮಾರ್ಗದರ್ಶನದ ತಮ್ಮ ಪುಸ್ತಕದ ಮೂಲಕ ಒಂದು ಸ್ಪಷ್ಟ ರೂಪವನ್ನು ಕೊಟ್ಟರು. ಉದ್ಯೋಗ ಕೇಳದೆ, ಒಂದು ವೃತ್ತಿಯ ಒಳಗಿರುವವರನ್ನು ಭೇಟಿಯಾಗಿ ಆ ವೃತ್ತಿಯನ್ನು ಅರಿತುಕೊಳ್ಳುವ ಕ್ರಮ ಅದು. ಅದೇ ದಶಕದಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಬೋಸ್ಟನ್ ಬಳಿಯ ಪಟ್ಟಣವೊಂದರಲ್ಲಿ ಉದ್ಯೋಗ ಬದಲಿಸಿದವರನ್ನು ಮಾತನಾಡಿಸಿ ಒಂದು ವಿಷಯವನ್ನು ಗಮನಿಸಿದರು. ಪರಿಚಿತರ ಮೂಲಕ ಕೆಲಸದ ಸುದ್ದಿ ತಿಳಿದವರಲ್ಲಿ, ಆ ಪರಿಚಿತರನ್ನು ಪದೇಪದೇ ಕಾಣುತ್ತಿದ್ದವರು ಸುಮಾರು 17 ಶೇಕಡಾ ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದವರಿಂದ. ಕಾರಣ ಸರಳವಾಗಿದೆ. ದಿನವೂ ಜೊತೆಗಿರುವವರಿಗೆ ತಿಳಿದಿರುವುದು ನಮಗೂ ತಿಳಿದಿರುತ್ತದೆ. ದೂರದ ಪರಿಚಿತರಿಗೆ ನಮ್ಮ ವಲಯದ ಹೊರಗಿನದು ತಿಳಿದಿರುತ್ತದೆ. ಬಂಧುಬಳಗ, ಮೊಹಲ್ಲಾ, ಜಮಾಅತ್ ಇವುಗಳಲ್ಲಿ ಗಟ್ಟಿಯಾಗಿ ಬೆಸೆದುಕೊಂಡಿರುವ ನಮ್ಮ ಕುಟುಂಬಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮ ಮಕ್ಕಳಿಗೆ ಬೇಕಾದ ಮಾಹಿತಿ ಹಲವು ಸಲ ವರ್ಷಕ್ಕೊಮ್ಮೆ ಮದುವೆಯಲ್ಲಿ ಸಿಗುವ, ಅಥವಾ ಎಂದೂ ಭೇಟಿಯಾಗದ ಒಬ್ಬರ ಬಳಿ ಇರುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ವೃತ್ತಿಯನ್ನು ಹಿಡಿದುಕೊಂಡು ನೋಡೋಣ. ವ್ಯಾಪಾರ ಕುಟುಂಬಗಳು ಹೆಚ್ಚಾಗಿರುವ ನಮ್ಮಲ್ಲಿ ವಾಣಿಜ್ಯ ಪದವಿ ಓದುವ ಮಕ್ಕಳು ಅನೇಕರಿದ್ದಾರೆ. ಅವರಲ್ಲಿ ಹಲವರ ಮನಸ್ಸಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಆಗುವ ಆಸೆಯಿದೆ. ಶಿವಮೊಗ್ಗದಲ್ಲಿ ಬಿ.ಕಾಂ. ಕೊನೆಯ ಸೆಮಿಸ್ಟರಿನಲ್ಲಿರುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಇದುವರೆಗಿನ ಅಂಕಗಳ ಸರಾಸರಿ 58 ಶೇಕಡಾ. ತಂದೆಗೆ ಹಾರ್ಡ್‌ವೇರ್ ಅಂಗಡಿಯಿದೆ. ನಾಲ್ಕು ವರ್ಷ ಓದಿಸಲು ಅವರು ಸಿದ್ಧರಿದ್ದಾರೆ, ಅದಕ್ಕಿಂತ ಹೆಚ್ಚಾದರೆ ಕಷ್ಟ. ಆಕೆ ಇಪ್ಪತ್ತು ವರ್ಷಗಳಿಂದ ಕಚೇರಿ ನಡೆಸುತ್ತಿರುವ ಒಬ್ಬ ಹಿರಿಯ ಲೆಕ್ಕಪರಿಶೋಧಕರನ್ನು ಭೇಟಿಯಾಗಬೇಕೆಂದಿದ್ದಾಳೆ.

ಮೊದಲ ಹೆಜ್ಜೆ ಭೇಟಿಗಿಂತ ಮುಂಚಿನದು. ಮುದ್ರಿತವಾಗಿ ಸಿಗುವುದನ್ನು ಹಿರಿಯರ ಬಾಯಿಂದ ಹೇಳಿಸಬಾರದು. ಲೆಕ್ಕಪರಿಶೋಧಕರ ಸಂಸ್ಥೆಯ ಜಾಲತಾಣವನ್ನು ಒಂದು ಸಂಜೆ ಓದಿದರೆ ಆಕೆಗೆ ಇಷ್ಟು ತಿಳಿಯುತ್ತದೆ. ವಾಣಿಜ್ಯ ಪದವಿಯಲ್ಲಿ 55 ಶೇಕಡಾ ಅಂಕ ಪಡೆದವರು ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆಯನ್ನು ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಳ್ಳಬಹುದು. ಎಂಟು ತಿಂಗಳ ಓದಿನ ಅವಧಿಯ ನಂತರ ಆ ಪರೀಕ್ಷೆ ಬರೆಯಬಹುದು. ಅದರಲ್ಲಿ ಎರಡು ಗುಂಪುಗಳು. ಪ್ರತಿ ಪತ್ರಿಕೆಯಲ್ಲಿ 40 ಶೇಕಡಾ, ಗುಂಪಿನಲ್ಲಿ ಒಟ್ಟಾರೆ 50 ಶೇಕಡಾ ಬರಬೇಕು. 2023ರಲ್ಲಿ ಜಾರಿಗೆ ಬಂದ ಹೊಸ ಕ್ರಮದಂತೆ ಎರಡೂ ಗುಂಪುಗಳಲ್ಲಿ ತೇರ್ಗಡೆಯಾದ ಮೇಲೆಯೇ ಒಬ್ಬ ಲೆಕ್ಕಪರಿಶೋಧಕರ ಕೈಕೆಳಗೆ ಆರ್ಟಿಕಲ್‌ಶಿಪ್ ಎಂಬ ಎರಡು ವರ್ಷಗಳ ತರಬೇತಿ. ಅದು ಮುಗಿದು ಆರು ತಿಂಗಳ ನಂತರ ಫೈನಲ್ ಪರೀಕ್ಷೆ. ಕೂಡಿಸಿ ನೋಡಿದರೆ, ಪ್ರತಿಯೊಂದನ್ನೂ ಮೊದಲ ಸಲದಲ್ಲೇ ಗೆದ್ದರೂ, ಫಲಿತಾಂಶಗಳಿಗಾಗಿ ಕಾಯುವ ದಿನಗಳನ್ನೂ ಸೇರಿಸಿ ಮೂರೂವರೆ ವರ್ಷಗಳಿಗೆ ಕಡಿಮೆಯಿಲ್ಲ. ಅಂದರೆ ತಂದೆ ಕೊಟ್ಟಿರುವ ನಾಲ್ಕು ವರ್ಷಗಳಲ್ಲಿ ಒಂದು ಸೋಲಿಗಷ್ಟೇ ಜಾಗವಿದೆ. ಈ ಲೆಕ್ಕ ಕೈಯಲ್ಲಿದ್ದಾಗ ಆಕೆಯ ನಿಜವಾದ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ.

ಎರಡನೆಯದು, ಯಾರನ್ನು ಕೇಳಬೇಕೆಂಬುದು. ನಾವು ಸಾಮಾನ್ಯವಾಗಿ ಅತ್ಯಂತ ದೊಡ್ಡವರನ್ನು ಹುಡುಕುತ್ತೇವೆ. ಆದರೆ ಇಪ್ಪತ್ತು ವರ್ಷಗಳ ಹಿಂದೆ ಪರೀಕ್ಷೆ ಬರೆದವರಿಗೆ ಇಂದಿನ ಪರೀಕ್ಷೆ ಗೊತ್ತಿರುವುದಿಲ್ಲ. ಅವರಿಗೆ ಗೊತ್ತಿರುವುದು ವೃತ್ತಿ. ಈಗ ತರಬೇತಿಯಲ್ಲಿರುವವರಿಗೆ ಪರೀಕ್ಷೆ ಗೊತ್ತು, ವೃತ್ತಿ ಗೊತ್ತಿಲ್ಲ. ಆದ್ದರಿಂದ ಹಿರಿಯರೊಬ್ಬರು, ತೇರ್ಗಡೆಯಾಗಿ ಮೂರು ನಾಲ್ಕು ವರ್ಷಗಳಾದವರೊಬ್ಬರು, ತರಬೇತಿಯಲ್ಲಿರುವವರೊಬ್ಬರು, ಹೀಗೆ ಮೂವರನ್ನು ಕಾಣುವುದು ಲೇಸು. ನಾಲ್ಕನೆಯವರೊಬ್ಬರು ಸಿಕ್ಕಿದರೆ ಇನ್ನೂ ಒಳ್ಳೆಯದು: ಈ ದಾರಿಯನ್ನು ಅರ್ಧಕ್ಕೆ ಬಿಟ್ಟವರು. ಗೆದ್ದವರನ್ನು ಮಾತ್ರ ಕೇಳಿದರೆ ದಾರಿಯಲ್ಲಿನ ಹೊಂಡಗಳು ಕಾಣುವುದಿಲ್ಲ. ಬಿಟ್ಟವರು ನಮ್ಮ ಬೀದಿಯಲ್ಲೇ ಇರುತ್ತಾರೆ. ಅವರನ್ನು ಸೋತವರೆಂದು ಎಣಿಸಿ ನಾವು ಮಾತನಾಡಿಸುವುದಿಲ್ಲ.

ಮೂರನೆಯದು, ಸಮಯ. ಪ್ರತಿ ವೃತ್ತಿಗೂ ಅದರದೇ ಸುಗ್ಗಿಯಿದೆ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಜುಲೈ ತಿಂಗಳು ವ್ಯಕ್ತಿಗತ ಆದಾಯ ತೆರಿಗೆ ರಿಟರ್ನ್‌ಗಳ ಭರಾಟೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ತೆರಿಗೆ ಲೆಕ್ಕಪರಿಶೋಧನೆಗೆ ಮೀಸಲು. ಏಪ್ರಿಲ್ ಮೊದಲ ವಾರಗಳಲ್ಲಿ ಹಲವರು ಬ್ಯಾಂಕ್ ಶಾಖೆಗಳ ಆಡಿಟ್‌ನಲ್ಲಿರುತ್ತಾರೆ. ಪ್ರತಿ ತಿಂಗಳ 11 ಮತ್ತು 20ನೇ ತಾರೀಖಿನ ಆಸುಪಾಸಿನಲ್ಲಿ ಜಿಎಸ್‌ಟಿ ರಿಟರ್ನ್‌ಗಳ ಗಡುವು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಕಳುಹಿಸಿದ ಸಂದೇಶಕ್ಕೆ ಉತ್ತರ ಬಾರದಿದ್ದರೆ ಅದು ಅಹಂಕಾರವಲ್ಲ. ಮೇ ತಿಂಗಳು, ಜನವರಿ, ಫೆಬ್ರವರಿ ತಿಂಗಳುಗಳು ಸಾಮಾನ್ಯವಾಗಿ ಸ್ವಲ್ಪ ಬಿಡುವಿನವು. ಈ ತಿಳಿವಳಿಕೆಯೊಡನೆ ಬಂದ ಅಭ್ಯರ್ಥಿ ಆ ವೃತ್ತಿಯನ್ನು ಹೊರಗಿನಿಂದಾದರೂ ಗಮನಿಸಿದ್ದಾಳೆಂದು ಹಿರಿಯರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ.

ಸಂದೇಶ ಚಿಕ್ಕದಾಗಿರಲಿ. ತಾನು ಯಾರು, ಅವರ ಬಗ್ಗೆ ಹೇಗೆ ತಿಳಿಯಿತು, ಏನು ತಿಳಿಯಬೇಕು, ಎಷ್ಟು ಹೊತ್ತು, ಈ ನಾಲ್ಕು ಸಾಕು. "ನಮಸ್ಕಾರ ಸರ್. ನಾನು ಬಿ.ಕಾಂ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿನಿ. ನಮ್ಮ ಕಾಲೇಜಿನ ಉಪನ್ಯಾಸಕರು ತಮ್ಮ ಹೆಸರು ಹೇಳಿದರು. ನೇರ ಪ್ರವೇಶದ ಮೂಲಕ ಸಿಎ ಇಂಟರ್‌ಮೀಡಿಯೆಟ್‌ಗೆ ಸೇರುವ ಬಗ್ಗೆ ಯೋಚಿಸುತ್ತಿದ್ದೇನೆ. ನಿಯಮಗಳನ್ನು ಓದಿಕೊಂಡಿದ್ದೇನೆ. ತಮ್ಮ ಕಚೇರಿಯಲ್ಲಿ ತರಬೇತಿ ಪಡೆದವರನ್ನು ತಾವು ಕಂಡ ಅನುಭವದ ಬಗ್ಗೆ ನಾಲ್ಕು ಪ್ರಶ್ನೆಗಳಿವೆ. 20ನೇ ತಾರೀಖಿನ ನಂತರ ಯಾವುದಾದರೂ ದಿನ ಇಪ್ಪತ್ತು ನಿಮಿಷ ಕೊಡಬಹುದೇ? ಫೋನಿನಲ್ಲಾದರೂ ಆಗಬಹುದು. ಉದ್ಯೋಗ ಅಥವಾ ಸೀಟು ಕೇಳಲು ಬರುತ್ತಿಲ್ಲ." ಕೊನೆಯ ವಾಕ್ಯವೇ ಬಾಗಿಲನ್ನು ತೆರೆಯುತ್ತದೆ. ಅದನ್ನು ಬರೆದ ಮೇಲೆ ಅದಕ್ಕೆ ಬದ್ಧಳಾಗಿರಬೇಕು. ಭೇಟಿಯ ಹತ್ತನೇ ನಿಮಿಷದಲ್ಲಿ ಬಯೋಡೇಟಾ ಹೊರತೆಗೆದರೆ ಅದು ವಚನಭಂಗ, ಹಿರಿಯರು ಮುಂದೆ ಬರುವ ಹತ್ತು ಮಕ್ಕಳಿಗೂ ಬಾಗಿಲು ಮುಚ್ಚುತ್ತಾರೆ. ವಾರದೊಳಗೆ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಮತ್ತೊಬ್ಬರನ್ನು ಹುಡುಕುವುದೇ ಸರಿ.

ಈಗ ಮುಖ್ಯ ವಿಷಯಕ್ಕೆ ಬರೋಣ: ಏನು ಕೇಳಬೇಕು? ನಮ್ಮ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅಭಿಪ್ರಾಯ ಕೇಳುವವು. "ಸಿಎ ಒಳ್ಳೆಯದೇ ಸರ್?", "ಸ್ಕೋಪ್ ಇದೆಯೇ?", "ನಾನು ಮಾಡಬಹುದೇ?" ಇವುಗಳಿಗೆ ಹೌದು, ಇಲ್ಲ ಎಂಬುದರಾಚೆ ಉತ್ತರವಿಲ್ಲ. ಕೇಳಬೇಕಾದದ್ದು ಅವರು ಮಾಡಿದ್ದನ್ನು, ಕಂಡದ್ದನ್ನು, ಆರಿಸಿಕೊಂಡದ್ದನ್ನು. ನಡೆದುಹೋದ ಸಂಗತಿಯನ್ನು ಕೇಳಿದಾಗ ಮನುಷ್ಯ ನೆನಪಿಸಿಕೊಳ್ಳುತ್ತಾನೆ, ಅಭಿಪ್ರಾಯ ಕೇಳಿದಾಗ ಉಪದೇಶಿಸುತ್ತಾನೆ.

ಆಕೆಯ ಮೊದಲ ಪ್ರಶ್ನೆ ಹೀಗಿರಲಿ: "ಸರ್, ಕಳೆದ ವಾರ ಸೋಮವಾರದಿಂದ ಶನಿವಾರದವರೆಗೆ ನಿಮ್ಮ ಕಚೇರಿಯ ಆರ್ಟಿಕಲ್ ವಿದ್ಯಾರ್ಥಿಗಳು ಏನೇನು ಮಾಡಿದರು?" ಇದಕ್ಕೆ ಹಿರಿಯರು ಬೋಧನೆ ಮಾಡಲಾರರು. ಇಬ್ಬರು ಒಂದು ಅಕ್ಕಿ ಗಿರಣಿಯ ದಾಸ್ತಾನು ಎಣಿಸಲು ಹೋಗಿದ್ದರು, ಒಬ್ಬಳು ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್‌ನ ವಿವರಗಳೊಡನೆ ತಾಳೆ ನೋಡುತ್ತಿದ್ದಳು, ಇನ್ನೊಬ್ಬ ಬ್ಯಾಂಕ್ ಸಾಲಕ್ಕೆ ಬೇಕಾದ ಅಂದಾಜು ಪಟ್ಟಿ ತಯಾರಿಸಿದ ಎಂದು ಅವರು ಹೇಳುತ್ತಾರೆ. ಪರೀಕ್ಷಾ ಪುಸ್ತಕದಲ್ಲಿ ಕಾಣದ ವೃತ್ತಿಯ ಮುಖ ಅಲ್ಲಿ ಕಾಣುತ್ತದೆ. "ಬಿಲ್ಲು ತಾಳೆಯಾಗದಿದ್ದರೆ ಅವಳು ಏನು ಮಾಡುತ್ತಾಳೆ?" ಎಂದು ಆಕೆ ಮುಂದುವರಿಸಬಹುದು. ಗಿರಾಕಿಗೆ ಫೋನು ಮಾಡಿ, ಮಾರಿದವನು ರಿಟರ್ನ್ ಸಲ್ಲಿಸಿಲ್ಲವೆಂದು ತಿಳಿಸಿ, ಬೇಸರದ ಮಾತು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದು ತಿಳಿದಾಗ, ಈ ಕೆಲಸಕ್ಕೆ ಲೆಕ್ಕದ ಜೊತೆ ಜನರೊಡನೆ ವ್ಯವಹರಿಸುವ ತಾಳ್ಮೆಯೂ ಬೇಕೆಂಬುದು ಯಾರೂ ಹೇಳದೆ ಮನದಟ್ಟಾಗುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು: "ಕಳೆದ ಐದಾರು ವರ್ಷಗಳಲ್ಲಿ ನಿಮ್ಮಲ್ಲಿ ತರಬೇತಿ ಮುಗಿಸಿದವರು ಈಗ ಎಲ್ಲಿದ್ದಾರೆ?" ಇದು ಒಬ್ಬ ಪ್ರತಿಭಾವಂತನ ಕಥೆಯನ್ನು ಕೇಳುವ ಪ್ರಶ್ನೆಯಲ್ಲ, ಎಲ್ಲರ ಲೆಕ್ಕವನ್ನು ಕೇಳುವ ಪ್ರಶ್ನೆ. ಹಿರಿಯರು ಬೆರಳೆಣಿಸುತ್ತಾ ಹೇಳತೊಡಗುತ್ತಾರೆ: ಹತ್ತು ಮಂದಿಯಲ್ಲಿ ಮೂವರು ಫೈನಲ್ ಗೆದ್ದರು, ಇಬ್ಬರು ಇನ್ನೂ ಬರೆಯುತ್ತಿದ್ದಾರೆ, ಮೂವರು ಕಂಪನಿಗಳಲ್ಲಿ ಲೆಕ್ಕ ವಿಭಾಗಕ್ಕೆ ಸೇರಿದರು, ಒಬ್ಬಳು ಮದುವೆಯ ನಂತರ ನಿಲ್ಲಿಸಿದಳು, ಒಬ್ಬ ಅಪ್ಪನ ವ್ಯಾಪಾರಕ್ಕೆ ಮರಳಿದ. ಇವು ನಾವು ಉದಾಹರಣೆಗೆಂದು ಹೇಳಿದ ಸಂಖ್ಯೆಗಳು. ಪ್ರತಿ ಕಚೇರಿಯ ಲೆಕ್ಕ ಬೇರೆ ಇರುತ್ತದೆ. ಮುಂದಿನ ಪ್ರಶ್ನೆ, "ಗೆದ್ದ ಮೂವರಲ್ಲಿ ಬೇರೆಯಾಗಿದ್ದದ್ದು ಏನು?" ಎಂಬುದು. ಉತ್ತರ ಬುದ್ಧಿವಂತಿಕೆಯ ಸುತ್ತ ಇರದೆ, ಕಚೇರಿ ಮುಗಿಸಿ ದಿನವೂ ಎರಡು ಗಂಟೆ ಓದಿದರು ಎಂಬಷ್ಟು ಸರಳವಾಗಿಯೂ ಇರಬಹುದು. ಸೋಲು ಎಲ್ಲಿ ಆಗುತ್ತದೆ, ಇಂಟರ್‌ಮೀಡಿಯೆಟ್‌ನಲ್ಲೇ ಅಥವಾ ಫೈನಲ್‌ನಲ್ಲೇ ಎಂಬುದೂ ಇಲ್ಲಿಯೇ ತಿಳಿಯಬೇಕು. ಒಂದೇ ಒಂದು ಸೋಲಿಗೆ ಜಾಗವಿರುವ ಆಕೆಯ ಲೆಕ್ಕಕ್ಕೆ ಈ ಮಾಹಿತಿಯೇ ಬೇಕಾದದ್ದು.

ಮೂರನೆಯ ಪ್ರಶ್ನೆ ಹಿರಿಯರ ಸ್ವಂತ ಆಯ್ಕೆಯ ಬಗ್ಗೆ: "ನೀವು ತರಬೇತಿಗೆ ಸೇರುವಾಗ ಯಾವ ಎರಡು ಕಚೇರಿಗಳ ನಡುವೆ ಆರಿಸಿಕೊಂಡಿರಿ? ಇಂದಾದರೆ ಏನು ಮಾಡುತ್ತಿದ್ದಿರಿ?" ಚಿಕ್ಕ ಊರಿನ ಸಣ್ಣ ಕಚೇರಿಯಲ್ಲಿ ರಿಟರ್ನ್, ಜಿಎಸ್‌ಟಿ, ಆಡಿಟ್, ನೋಟಿಸಿಗೆ ಉತ್ತರ ಎಲ್ಲವೂ ಒಬ್ಬರ ಕೈಗೆ ಬರುತ್ತದೆ, ಕಚೇರಿ ಸಣ್ಣದಾಗಿದ್ದಷ್ಟೂ ಗಿರಾಕಿಯ ಎದುರು ಬೇಗ ಕೂರಬೇಕಾಗುತ್ತದೆ. ಬೆಂಗಳೂರಿನ ದೊಡ್ಡ ಸಂಸ್ಥೆಯಲ್ಲಿ ಸ್ಟೈಪೆಂಡ್ ಹೆಚ್ಚು, ದೊಡ್ಡ ಕಂಪನಿಗಳ ಆಡಿಟ್ ನೋಡಲು ಸಿಗುತ್ತದೆ, ಆದರೆ ಎರಡು ವರ್ಷ ಒಂದೇ ವಿಭಾಗದಲ್ಲಿ ಕಳೆಯಬೇಕಾಗಬಹುದು, ಮನೆಬಾಡಿಗೆ ಸ್ಟೈಪೆಂಡನ್ನು ನುಂಗಬಹುದು. ಯಾವುದು ಸರಿ ಎಂಬುದು ಮುಂದೆ ಏನಾಗಬೇಕೆಂಬುದರ ಮೇಲೆ ನಿಂತಿದೆ. ತನ್ನ ಊರಿನಲ್ಲೇ ಕಚೇರಿ ತೆರೆಯಬೇಕೆನ್ನುವವಳಿಗೂ ಕಂಪನಿಯಲ್ಲಿ ಕೆಲಸ ಮಾಡಬೇಕೆನ್ನುವವಳಿಗೂ ಉತ್ತರ ಒಂದೇ ಆಗದು.

ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಹಿರಿಯರ ನೆನಪು ಅವರ ಕಾಲದ ನಿಯಮಕ್ಕೆ ಕಟ್ಟುಬಿದ್ದಿರುತ್ತದೆ. ಅವರ ಕಾಲದಲ್ಲಿ ತರಬೇತಿ ಮೂರು ವರ್ಷ ಇತ್ತು. ಹಳೆಯ ಕ್ರಮದಲ್ಲಿ ನೇರ ಪ್ರವೇಶ ಪಡೆದ ಪದವೀಧರರು ಇಂಟರ್‌ಮೀಡಿಯೆಟ್ ಗೆಲ್ಲುವ ಮೊದಲೇ ತರಬೇತಿ ಆರಂಭಿಸಬಹುದಾಗಿತ್ತು. ಆದ್ದರಿಂದ ಹಿರಿಯರು ತುಂಬು ವಿಶ್ವಾಸದಿಂದ, "ನೋಡಮ್ಮ, ಈಗಲೇ ಬಂದು ತರಬೇತಿಗೆ ಸೇರಿಬಿಡು, ಪರೀಕ್ಷೆ ಜೊತೆಜೊತೆಗೆ ಬರೆ" ಎನ್ನಬಹುದು. ಅದು ಸುಳ್ಳಲ್ಲ, ಹಳೆಯ ಸತ್ಯ. ಆಕೆ ವಾದಿಸದೆ, "ಸರ್, 2023ರ ನಂತರ ಎರಡೂ ಗುಂಪು ಮುಗಿಸಿಯೇ ಸೇರಬೇಕೆಂದು ಓದಿದೆ. ಹಾಗಿದ್ದರೆ ಈ ಎಂಟು ತಿಂಗಳನ್ನು ಹೇಗೆ ಬಳಸಬೇಕು?" ಎಂದು ಕೇಳಿದರೆ ಹಿರಿಯರ ಮರ್ಯಾದೆಗೂ ಕುಂದಿಲ್ಲ, ಮಾತೂ ಸರಿದಾರಿಗೆ ಬರುತ್ತದೆ. ನಿಯಮವನ್ನು ಪುಸ್ತಕದಿಂದ, ಅನುಭವವನ್ನು ಮನುಷ್ಯರಿಂದ ತೆಗೆದುಕೊಳ್ಳಬೇಕು. ಇವೆರಡನ್ನು ಅದಲುಬದಲು ಮಾಡಿದ ಮಕ್ಕಳು ವರ್ಷ ಕಳೆದುಕೊಳ್ಳುತ್ತಾರೆ.

ನಾಲ್ಕನೆಯದು ತನ್ನನ್ನು ಮುಂದಿಡುವ ಪ್ರಶ್ನೆ. "ನಾನು ಮಾಡಬಹುದೇ?" ಎಂದು ಕೇಳುವ ಬದಲು ತನ್ನ ಸ್ಥಿತಿಯನ್ನು ಮೇಜಿನ ಮೇಲೆ ಇಡಬೇಕು. "ನನ್ನ ಅಂಕ 58. ನಾಲ್ಕು ವರ್ಷಗಳ ಅವಕಾಶವಿದೆ. ಅಪ್ಪನ ಅಂಗಡಿಯ ಲೆಕ್ಕವನ್ನು ಎರಡು ವರ್ಷಗಳಿಂದ ಟ್ಯಾಲಿಯಲ್ಲಿ ನಾನೇ ಬರೆಯುತ್ತಿದ್ದೇನೆ. ಸಂಸ್ಥೆಯ ಮಾದರಿ ಪ್ರಶ್ನೆಪತ್ರಿಕೆಯನ್ನು ಮನೆಯಲ್ಲಿ ಬರೆದು ನೋಡಿದೆ, ತೆರಿಗೆಯಲ್ಲಿ 40 ದಾಟಲಿಲ್ಲ. ಈ ಯೋಜನೆಯಲ್ಲಿ ಮೊದಲು ಮುರಿಯುವುದು ಯಾವುದು?" ಹೀಗೆ ಕೇಳಿದಾಗ ಹಿರಿಯರು ಒಂದು ಕಡತವನ್ನು ನೋಡುವಂತೆ ನೋಡುತ್ತಾರೆ, ಅದು ಅವರ ವೃತ್ತಿಯೇ ಅಲ್ಲವೇ? ಎರಡೂ ಗುಂಪುಗಳನ್ನು ಒಟ್ಟಿಗೆ ಬರೆಯುವ ಬದಲು ಒಂದೊಂದಾಗಿ ಬರೆಯಬೇಕೇ, ಹಾಗೆ ಮಾಡಿದರೆ ನಾಲ್ಕು ತಿಂಗಳು ಹೆಚ್ಚಾಗುವುದನ್ನು ಎಲ್ಲಿ ಸರಿದೂಗಿಸುವುದು ಎಂಬ ನಿಜವಾದ ಲೆಕ್ಕ ಆಗ ಆರಂಭವಾಗುತ್ತದೆ. ಈ ಪರೀಕ್ಷೆ ಈಗ ವರ್ಷಕ್ಕೆ ಮೂರು ಸಲ ನಡೆಯುವುದರಿಂದ ಅಂಥ ಲೆಕ್ಕಕ್ಕೆ ಅವಕಾಶವಿದೆ. ಭೇಟಿಗೆ ಹೋದವಳು ಮಾರ್ಗದರ್ಶನದೊಡನೆ ಮರಳುವುದು ಹೀಗೆ.

ಹೊರಡುವ ಮುನ್ನ ಒಂದು ಮಾತು ಕೇಳಲು ಮರೆಯಬಾರದು: "ಇತ್ತೀಚೆಗೆ ಹೊಸ ಕ್ರಮದಲ್ಲಿ ಇಂಟರ್‌ಮೀಡಿಯೆಟ್ ಗೆದ್ದವರು ಯಾರಾದರೂ ನಿಮಗೆ ಗೊತ್ತೇ? ನಿಮ್ಮ ಹೆಸರು ಹೇಳಿ ಮಾತನಾಡಬಹುದೇ?" ಒಂದು ಬಾಗಿಲು ಇನ್ನೊಂದನ್ನು ತೆರೆಯುವುದು ಈ ಪ್ರಶ್ನೆಯಿಂದ. ಇಪ್ಪತ್ತು ನಿಮಿಷ ಮುಗಿದಾಗ ಆಕೆಯೇ ಎದ್ದು ನಿಲ್ಲಬೇಕು. ಹಿರಿಯರು ಕೂರಿಸಿಕೊಂಡರೆ ಅದು ಅವರ ಇಚ್ಛೆ.

ಭೇಟಿ ಹಾದಿ ತಪ್ಪುವ ಸಂದರ್ಭಗಳೂ ಉಂಟು. ಹಿರಿಯರು ಘೋಷಣೆಗಳಲ್ಲೇ ಮಾತನಾಡುತ್ತಿದ್ದರೆ, "ಅಂಥದ್ದು ಕೊನೆಯ ಸಲ ನಡೆದದ್ದು ಯಾವಾಗ ಸರ್?" ಎಂದು ಒಂದು ಘಟನೆಯನ್ನು ಕೇಳಬೇಕು. ಅವರು ನಿರುತ್ಸಾಹಗೊಳಿಸಿದರೆ ನೊಂದುಕೊಳ್ಳುವ ಮೊದಲು ಯಾರನ್ನು ಕಂಡು ಆ ಅಭಿಪ್ರಾಯ ಬಂತೆಂದು ವಿಚಾರಿಸಬೇಕು. ಕಾರಣ ಗಟ್ಟಿಯಾಗಿದ್ದರೆ ಅದು ಉಪಕಾರವೇ ಸರಿ. ಅವರು ಕೂಡಲೇ, "ನಮ್ಮಲ್ಲೇ ಸೇರು" ಎಂದರೆ ಹಿಗ್ಗಿ ಒಪ್ಪಬಾರದು, ತಿರಸ್ಕರಿಸಲೂ ಬಾರದು. ಕೃತಜ್ಞತೆ ಹೇಳಿ, ಮನೆಯವರೊಡನೆ ಮಾತನಾಡಿ ತಿಳಿಸುವೆನೆಂದರೆ ಸಾಕು. ಇನ್ನು, ಇಬ್ಬರು ಹಿರಿಯರು ಪರಸ್ಪರ ವಿರುದ್ಧವಾಗಿ ಹೇಳಿದರೆ ಗೊಂದಲಪಡಬೇಕಾಗಿಲ್ಲ. ಒಬ್ಬರು ಊರಿನಲ್ಲಿ ಕಚೇರಿ ನಡೆಸುವವರು, ಇನ್ನೊಬ್ಬರು ಕಂಪನಿಯಲ್ಲಿರುವವರು ಎಂಬುದನ್ನು ಬರೆದುಕೊಂಡರೆ ವಿರೋಧದ ಕಾರಣ ಸ್ಪಷ್ಟವಾಗುತ್ತದೆ.

ನಮ್ಮ ಕುಟುಂಬಗಳಿಗೆ ವಿಶೇಷವಾದ ಕೆಲವು ಪ್ರಶ್ನೆಗಳಿವೆ, ಅವುಗಳನ್ನು ಸಂಕೋಚದಿಂದ ನುಂಗಿಕೊಳ್ಳಬಾರದು. ಬ್ಯಾಂಕ್ ಆಡಿಟ್, ಬಡ್ಡಿ ಸಾಲಗಳ ಕಾಗದಪತ್ರ ಈ ವೃತ್ತಿಯಲ್ಲಿ ಬಂದೇ ಬರುತ್ತವೆ. ಅಂಥ ಕೆಲಸದ ಬಗ್ಗೆ ಧಾರ್ಮಿಕ ತೀರ್ಪನ್ನು ಉಲಮಾಗಳಿಂದ ಕೇಳಬೇಕು. ಆದರೆ ಕಚೇರಿಯಲ್ಲಿ ಅಂಥ ಕೆಲಸ ಎಷ್ಟು ಬರುತ್ತದೆ, ತೆರಿಗೆ ಮತ್ತು ಜಿಎಸ್‌ಟಿಯನ್ನೇ ನೆಚ್ಚಿಕೊಂಡು ಕಚೇರಿ ನಡೆಸುವವರಿದ್ದಾರೆಯೇ ಎಂಬುದನ್ನು ಲೆಕ್ಕಪರಿಶೋಧಕರಷ್ಟೇ ಹೇಳಬಲ್ಲರು. ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳಿ ಅರ್ಧ ಉತ್ತರ ಪಡೆಯುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಹಾಗೆಯೇ ಶುಕ್ರವಾರದ ನಮಾಝ್‌ನ ಹೊತ್ತು, ಆಡಿಟ್‌ಗಾಗಿ ಹೊರ ಊರಿಗೆ ಹೋಗಬೇಕಾದ ದಿನಗಳು, ಹಿಜಾಬ್ ಧರಿಸಿದವರು ಗಿರಾಕಿಗಳ ಕಚೇರಿಗೆ ಹೋದಾಗಿನ ಅನುಭವ, ಇವನ್ನು ಈಗಾಗಲೇ ತರಬೇತಿ ಪಡೆದ ಸಹೋದರಿಯೊಬ್ಬಳಲ್ಲಿ ಕೇಳುವುದು ಉತ್ತಮ. ಹಿರಿಯರು ಇದಕ್ಕೆ, "ಏನೂ ತೊಂದರೆಯಿಲ್ಲ" ಎನ್ನುತ್ತಾರೆ. ಅನುಭವಿಸಿದವಳು ಯಾವ ತೊಂದರೆ, ಅದನ್ನು ಹೇಗೆ ದಾಟಿದೆ ಎಂದು ಹೇಳುತ್ತಾಳೆ.

ಪೋಷಕರಲ್ಲಿ ನಮ್ಮದೊಂದು ಮನವಿ. ದಯವಿಟ್ಟು ಈ ಭೇಟಿಯಲ್ಲಿ ಮಗುವಿನ ಪರವಾಗಿ ಮಾತನಾಡಬೇಡಿ. ಜೊತೆಗೆ ಹೋಗುವುದು ಅಗತ್ಯವಾದರೆ ಹೋಗಿ, ಸಲಾಮ್ ಹೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ. ತಂದೆ ಮಾತನಾಡಿದ ಕ್ಷಣವೇ ಅದು ಎರಡು ಮನೆತನಗಳ ನಡುವಿನ ದಾಕ್ಷಿಣ್ಯವಾಗುತ್ತದೆ, ಹಿರಿಯರು ನಿಜ ಹೇಳುವ ಬದಲು ಸಮಾಧಾನ ಹೇಳತೊಡಗುತ್ತಾರೆ. "ತಿಂಗಳಿಗೆ ಎಷ್ಟು ಬರುತ್ತದೆ?" ಎಂದು ಅವರ ಆದಾಯವನ್ನು ಕೇಳುವುದೂ ಬೇಡ. ಹೊಸದಾಗಿ ತೇರ್ಗಡೆಯಾದವರಿಗೆ ಈ ಊರಿನಲ್ಲಿ ಮೊದಲ ವರ್ಷ ಎಷ್ಟು ಸಿಗುತ್ತದೆ ಎಂಬ ಪ್ರಶ್ನೆಯಿಂದ ಬೇಕಾದದ್ದು ತಿಳಿಯುತ್ತದೆ, ಯಾರಿಗೂ ಮುಜುಗರವಾಗುವುದಿಲ್ಲ.

ಭೇಟಿಯ ನಂತರದ ಕೆಲಸವನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಕೇಳಿದ್ದನ್ನು ಅದೇ ರಾತ್ರಿ ಬರೆದಿಡಬೇಕು, ಅವರು ಹೇಳಿದ ಮಾತನ್ನು ಒಂದು ಕಡೆ, ತನಗೆ ಅನಿಸಿದ್ದನ್ನು ಇನ್ನೊಂದು ಕಡೆ. ಮರುದಿನ ಎರಡು ಸಾಲಿನ ಕೃತಜ್ಞತೆ ಕಳುಹಿಸಬೇಕು, ಅದರಲ್ಲಿ ಅವರ ಯಾವ ಮಾತು ಉಪಯೋಗವಾಯಿತೆಂದು ಹೆಸರಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ಮೂರು ತಿಂಗಳ ನಂತರದ ಸಂದೇಶ: "ಸರ್, ನೀವು ಹೇಳಿದಂತೆ ತೆರಿಗೆ ಪತ್ರಿಕೆಯನ್ನು ಮೊದಲು ಹಿಡಿದೆ. ಮಾದರಿ ಪರೀಕ್ಷೆಯಲ್ಲಿ ಈಗ 52 ಬಂದಿದೆ." ತಾವು ಕೊಟ್ಟ ಸಲಹೆಯಿಂದ ಏನಾಯಿತೆಂಬ ಸುದ್ದಿ ಹಿರಿಯರಿಗೆ ಮರಳಿ ಬರುವುದು ತೀರಾ ಅಪರೂಪ. ಅದನ್ನು ತಂದುಕೊಟ್ಟವಳನ್ನು ಅವರು ಮರೆಯುವುದಿಲ್ಲ. ಇಂಟರ್‌ಮೀಡಿಯೆಟ್ ಮುಗಿದು ತರಬೇತಿಗೆ ಜಾಗ ಹುಡುಕುವ ದಿನ ಬಂದಾಗ, ಆಕೆ ಕೇಳದಿದ್ದ ಶಿಫಾರಸು ತಾನಾಗಿ ಬರುವುದು ಈ ದಾರಿಯಿಂದಲೇ.

ಮಜ್ಲಿಸ್‌ನಲ್ಲಿ ಆಡಿದ ಮಾತು ಅಮಾನತ್ ಎಂಬುದನ್ನು ನಾವು ಬಲ್ಲೆವು. ಹಿರಿಯರು ಮನಬಿಚ್ಚಿ ಯಾವುದಾದರೂ ಗಿರಾಕಿಯ ಹೆಸರನ್ನೋ ಬಿಟ್ಟುಹೋದ ಶಿಷ್ಯನ ಕಷ್ಟವನ್ನೋ ಹೇಳಿದ್ದರೆ ಅದು ಮನೆಯ ಊಟದ ಸುಪ್ರಾಕ್ಕೆ ಬರಬಾರದು. ಊರಿನ ಹಿರಿಯರು ನಮ್ಮ ಮಕ್ಕಳೊಡನೆ ತೆರೆದ ಮನಸ್ಸಿನಿಂದ ಮಾತನಾಡಬೇಕಾದರೆ, ಅವರ ಮಾತು ಸುರಕ್ಷಿತವಾಗಿ ಉಳಿಯುತ್ತದೆಂಬ ನಂಬಿಕೆ ಅವರಿಗಿರಬೇಕು.

ನಮ್ಮ ಪ್ರತಿ ಊರಿನಲ್ಲೂ ಇಂಥ ಹಿರಿಯರು ಕೆಲವರಾದರೂ ಇದ್ದಾರೆ, ನಮ್ಮವರೂ ಇದ್ದಾರೆ, ಬೇರೆ ಸಮುದಾಯದವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಇಪ್ಪತ್ತು ನಿಮಿಷ ಕೊಡಲು ಹಿಂಜರಿಯುವವರಲ್ಲ. ಸ್ಪಷ್ಟ ಪ್ರಶ್ನೆಯಿಲ್ಲದೆ ಬಂದವರಿಗೆ ಏನು ಹೇಳಬೇಕೆಂದು ತೋಚದೆ ಸುಮ್ಮನಾದವರು ಅವರು. ಮುಂದಿನ ಸಲ ಮಗುವನ್ನು ಕರೆದುಕೊಂಡು ಹೊರಡುವ ಮುನ್ನ ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಮಗುವಿನಿಂದಲೇ ಬರೆಸೋಣ. ಬರೆಯಲು ಆಗದಿದ್ದರೆ ಭೇಟಿಗೆ ಇನ್ನೂ ಹೊತ್ತಾಗಿಲ್ಲವೆಂದು ತಿಳಿದು, ಆ ಸಂಜೆಯನ್ನು ನಿಯಮಪುಸ್ತಕ ಓದಲು ಕೊಡೋಣ.